ಒದ್ದೆ ಗೋಡೆ, ಒಣ ಗೋಡೆ: ಫ್ರೆಸ್ಕೊ ಚಿತ್ರಕಾರನ ಒಂದು ದಿನ

ರೋಮಿನ ಸಿಸ್ಟೀನ್ ಚಾಪೆಲ್‌ನ ಚಾವಣಿಯಲ್ಲಿ ಮೈಕೆಲ್ಯಾಂಜೆಲೊ ಬರೆದ ‘ಆಡಂನ ಸೃಷ್ಟಿ’ ಚಿತ್ರವನ್ನು ನಾವೆಲ್ಲ ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತೇವೆ. ದೇವರ ಬೆರಳು, ಆಡಂನ ಬೆರಳು, ನಡುವೆ ಒಂದಿಷ್ಟು ಖಾಲಿ ಜಾಗ. ಮೊಬೈಲ್ ಕವರ್‌ನಿಂದ ಟೀ ಶರ್ಟ್‌ವರೆಗೆ ಎಲ್ಲೆಲ್ಲೂ ಬಂದುಹೋಗಿರುವ ಚಿತ್ರ ಅದು. ಅಳತೆ ಸುಮಾರು 2.8 ಮೀಟರ್ ಎತ್ತರ, 5.7 ಮೀಟರ್ ಅಗಲ. ಬರೆಯಲು ಹಿಡಿದದ್ದು 16 ದಿನದ ಕೆಲಸ, ಅದರಲ್ಲಿ ಆಡಂ ಒಬ್ಬನಿಗೇ ನಾಲ್ಕು ದಿನ.

ಈ ಲೆಕ್ಕ ಯಾರೋ ಡೈರಿಯಲ್ಲಿ ಬರೆದಿಟ್ಟದ್ದಲ್ಲ. ಅದು ಗೋಡೆಯಲ್ಲೇ ಇದೆ. ಚಿತ್ರಕ್ಕೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಆಡಂನ ಮೈಯ ಅಂಚಿನಲ್ಲಿ ಸಣ್ಣ ಏಣು ಕಾಣುತ್ತದೆ. ಒಂದು ದಿನ ಹಚ್ಚಿದ ಗಾರೆ ಮುಗಿದು ಮರುದಿನದ ಗಾರೆ ಶುರುವಾದ ಜಾಗ ಅದು. ಹೀಗೆ ಒಂದು ದಿನಕ್ಕೆಂದು ಹಚ್ಚಿದ ತುಂಡಿಗೆ ಇಟಲಿಯವರು ‘ಜೋರ್ನಾತಾ’ ಅನ್ನುತ್ತಾರೆ, ಅಂದರೆ ‘ಒಂದು ದಿನದ್ದು’ ಅಂತ. ಐನೂರು ವರ್ಷದ ಹಿಂದಿನ ಚಿತ್ರಕಾರನ ಹಾಜರಿ ಪುಸ್ತಕ ಇದ್ದಹಾಗೆ.

ಗೋಡೆ ಮೇಲೆ ಚಿತ್ರ ಬರೆಯುವವನು ತನಗೆ ಬೇಕಾದಾಗ ಬಂದು, ಬೇಕಾದಷ್ಟು ಬರೆದು, ಬೇಡವಾದಾಗ ಮನೆಗೆ ಹೋಗಬಹುದಲ್ಲ? ಹೀಗೆ ದಿನಕ್ಕೊಂದು ತುಂಡು ಅಂತ ಯಾಕೆ ಕತ್ತರಿಸಿಕೊಳ್ಳಬೇಕು? ಉತ್ತರ ಸುಣ್ಣದಲ್ಲಿದೆ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ನಾವು ಓದಿ ಮರೆತ ಮೂರೇ ಮೂರು ಸಮೀಕರಣ ಸಾಕು.

ಸುಣ್ಣದ ಡಬ್ಬಿಯ ಕೆನೆ

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಸೇರಿದರೆ ಮತ್ತೆ ಕಲ್ಲಾಗುತ್ತದೆ.

CaCO₃ → CaO + CO₂
CaO + H₂O → Ca(OH)₂
Ca(OH)₂ + CO₂ → CaCO₃ + H₂O

ಮೂರನೆಯದು ಹೊಸ ವಿಷಯವೇನಲ್ಲ. ಹೈಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲಿನಂತೆ ಬೆಳ್ಳಗೆ ಮಾಡಿದ್ದು ನೆನಪಿದೆಯಲ್ಲ, ಅದೇ. ಮನೆಯಲ್ಲಿ ಎಲೆ ಅಡಿಕೆ ಹಾಕುವ ಅಜ್ಜಿ ಇದ್ದರೆ ಇನ್ನೂ ಸುಲಭ. ಸುಣ್ಣದ ಡಬ್ಬಿಯ ಮುಚ್ಚಳ ಹಾಕದೆ ಬಿಟ್ಟರೆ ಬೆಣ್ಣೆಯಂತಿದ್ದ ಸುಣ್ಣದ ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ. ಮತ್ತೆ ನೀರು ಹಾಕಿದರೂ ಆ ಕೆನೆ ಕರಗುವುದಿಲ್ಲ, ಯಾಕೆಂದರೆ ಅದು ಈಗ ಸುಣ್ಣ ಅಲ್ಲ, ಕಲ್ಲು.

ಬುವೊನ್ ಫ್ರೆಸ್ಕೊ, ಅಂದರೆ ‘ನಿಜವಾದ ಹಸಿ ಚಿತ್ರ’, ನಿಂತಿರುವುದು ಈ ಕೆನೆಯ ಮೇಲೆ. ಬಣ್ಣದ ಪುಡಿಯನ್ನು ಬರೀ ನೀರಿನಲ್ಲಿ ಕಲಸಿ ಹಸಿ ಗಾರೆಯ ಮೇಲೆ ಬಳಿಯುತ್ತಾರೆ. ಅಂಟು ಇಲ್ಲ, ಮೊಟ್ಟೆ ಇಲ್ಲ, ಎಣ್ಣೆ ಇಲ್ಲ. ಗಾರೆ ಒಣಗುವಾಗ ಒಳಗಿನ ನೀರು ಮೇಲ್ಮೈ ಕಡೆಗೆ ಬರುತ್ತದೆ. ಬರುವಾಗ ಒಂದಿಷ್ಟು ಸುಣ್ಣವನ್ನು ಕರಗಿಸಿಕೊಂಡು ತರುತ್ತದೆ. ಮೇಲೆ ಬಂದು ನೀರು ಆವಿಯಾಗುತ್ತದೆ, ಸುಣ್ಣ ಗಾಳಿಯನ್ನು ಸೇರಿ ಕಲ್ಲಾಗುತ್ತದೆ. ಅಲ್ಲಿ ಕೂತಿದ್ದ ಬಣ್ಣದ ಕಣಗಳ ಸುತ್ತ ಕ್ಯಾಲ್ಸೈಟ್ ಹರಳು ಬೆಳೆದು ಅವನ್ನು ಕಚ್ಚಿ ಹಿಡಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಕಡೆ ಓಡಾಡುತ್ತಿದೆ. ಬಣ್ಣ ಗಾರೆಯೊಳಗೆ ಆಳಕ್ಕೆ ಇಳಿಯುತ್ತದೆ, ಬಣ್ಣವೇ ಸುಣ್ಣದ ಜೊತೆ ರಾಸಾಯನಿಕವಾಗಿ ಸೇರುತ್ತದೆ ಅಂತ. ಎರಡೂ ಅಲ್ಲ. ಬಣ್ಣ ಮೇಲೆಯೇ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಆಗುವುದೆಲ್ಲ ಸುಣ್ಣಕ್ಕೆ. ಬಣ್ಣ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟೇ.

ಹಾಗಾದರೆ ಈ ಕೆನೆ ಎಷ್ಟು ದಪ್ಪ? ಒಂದು ಕಚ್ಚಾ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ತಾಪಮಾನದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಅರಳಿದ ಸುಣ್ಣ ಸುಮಾರು 1.7 ಗ್ರಾಂ ಮಾತ್ರ. 74 ಗ್ರಾಂ Ca(OH)₂ ಇಂದ 100 ಗ್ರಾಂ CaCO₃ ಬರುತ್ತದೆ, ಹಾಗಾಗಿ 1.7 ಗ್ರಾಂ ಇಂದ ಸುಮಾರು 2.3 ಗ್ರಾಂ. ಕ್ಯಾಲ್ಸೈಟ್‌ನ ಸಾಂದ್ರತೆ 2.7 ಅಂತ ಹಿಡಿದರೆ 0.85 ಘನ ಸೆಂಟಿಮೀಟರ್. ಒಂದು ಚದರ ಮೀಟರ್ ಗೋಡೆಯಿಂದ ಒಂದು ಲೀಟರ್ ನೀರು ಆವಿಯಾಯಿತು ಅಂದುಕೊಂಡರೆ ಅಷ್ಟೂ ಕ್ಯಾಲ್ಸೈಟ್ ಸೇರಿ ಮಾಡುವ ಪದರ 0.85 ಮೈಕ್ರಾನ್. ಒಂದು ಮೈಕ್ರಾನ್ ಕೂಡ ಇಲ್ಲ!

ನಿಜದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಮೇಲೆ ಸುಣ್ಣ ಕಲ್ಲಾಗುತ್ತಿದ್ದ ಹಾಗೆ ಕೆಳಗಿನಿಂದ ಇನ್ನಷ್ಟು ಕರಗಿ ಬರುತ್ತದೆ, ಮೇಲ್ಮೈಯಲ್ಲಿಯೇ ಇದ್ದ ಸುಣ್ಣವೂ ಸೇರಿಕೊಳ್ಳುತ್ತದೆ. ಆದರೂ ಲೆಕ್ಕ ಹೇಳುವ ಮಾತು ಸ್ಪಷ್ಟ. ಬಣ್ಣವನ್ನು ಹಿಡಿದಿಡಲು ಸಿಗುವ ಸಾಮಗ್ರಿ ಬಹಳ ಕಡಿಮೆ, ಅದನ್ನು ಹೊತ್ತು ತರುವುದು ಗಾರೆಯೊಳಗಿನ ನೀರು. ಅದಕ್ಕೇ ಫ್ರೆಸ್ಕೊದಲ್ಲಿ ಬಣ್ಣ ತೆಳ್ಳಗಿರಬೇಕು, ಪುಡಿ ನುಣ್ಣಗಿರಬೇಕು, ಮುಖ್ಯವಾಗಿ ನೀರು ಇನ್ನೂ ಬರುತ್ತಿರುವಾಗಲೇ ಬಳಿಯಬೇಕು. ನೀರು ನಿಂತ ಮೇಲೆ ಬಳಿದ ಬಣ್ಣಕ್ಕೆ ಆಸರೆ ಇಲ್ಲ.

ಇದರ ಜೊತೆ ಇನ್ನೊಂದು ಸಂಗತಿ. ಕಾರ್ಬನ್ ಡೈ ಆಕ್ಸೈಡ್ ಗಾಳಿಯಲ್ಲಿ ಓಡಾಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಗಾರೆಯ ರಂಧ್ರಗಳೆಲ್ಲ ನೀರಿನಿಂದ ತುಂಬಿದ್ದರೆ ಅದು ಒಳಗೆ ಹೋಗುವುದೇ ಇಲ್ಲ. ಪೂರ್ತಿ ಒಣಗಿದ್ದರೆ ಸುಣ್ಣ ಕರಗುವುದಕ್ಕೆ ನೀರಿಲ್ಲ, ಆಗಲೂ ಕ್ರಿಯೆ ನಿಲ್ಲುತ್ತದೆ. ಅರ್ಧ ಒದ್ದೆ, ಅರ್ಧ ಒಣ ಇರುವ ಹೊತ್ತೇ ಸರಿಯಾದ ಹೊತ್ತು. ಗಾರೆಯ ಒಳಭಾಗ ಕಲ್ಲಾಗುವುದು ಬೇರೆ ವಿಷಯ, ಅದು ತಿಂಗಳುಗಟ್ಟಲೆ ನಡೆಯುತ್ತದೆ. ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿ ಹೋಗುತ್ತದೆ, ಅಂದರೆ ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಕಾಲ. ಸಿವಿಲ್‌ನವರಿಗೆ ಇದು ಕಾಂಕ್ರೀಟ್ ಕಾರ್ಬೊನೇಶನ್‌ನಲ್ಲಿ ಬರುವ ಅದೇ ಸೂತ್ರ. ಚಿತ್ರಕಾರನಿಗೆ ಆ ತಿಂಗಳುಗಳ ಚಿಂತೆ ಇಲ್ಲ. ಅವನಿಗೆ ಬೇಕಾದದ್ದು ಮೇಲಿನ ಕೂದಲೆಳೆಯಷ್ಟೂ ಇಲ್ಲದ ಪದರ, ಅದು ಸಿಗುವುದು ಕೆಲವೇ ಗಂಟೆ.

ಬೆಳಗಿನಿಂದ ಸಂಜೆವರೆಗೆ

ಈಗ ಆ ಗಂಟೆಗಳು ಹೇಗೆ ಕಳೆಯುತ್ತಿದ್ದವು ಅಂತ ನೋಡೋಣ.

ಗೋಡೆಯ ಮೇಲೆ ಮೊದಲೇ ಒಂದು ಒರಟು ಗಾರೆ ಇರುತ್ತದೆ, ಅದರ ಹೆಸರು ‘ಅರ್ರಿಚ್ಚೊ’. ಅದು ಒಣಗಿದ್ದೇ. ಚಿತ್ರ ಕೂರುವುದು ಅದರ ಮೇಲೆ ಹಚ್ಚುವ ಕೆಲವೇ ಮಿಲಿಮೀಟರ್ ದಪ್ಪದ ನಯ ಗಾರೆಯ ಮೇಲೆ, ಅದು ‘ಇಂತೊನಾಕೊ’. ಕೆಲಸಕ್ಕೆ ಮೊದಲು ಒರಟು ಗಾರೆಗೆ ಚೆನ್ನಾಗಿ ನೀರು ಕುಡಿಸಬೇಕು. ಇಲ್ಲದಿದ್ದರೆ ಅದು ಒಣ ಸ್ಪಂಜಿನಂತೆ ಹೊಸ ಗಾರೆಯ ನೀರನ್ನು ಹಿಂದಿನಿಂದ ಹೀರಿಕೊಂಡು ದಿನವನ್ನು ಅರ್ಧಕ್ಕೆ ಇಳಿಸುತ್ತದೆ. ನಮ್ಮಲ್ಲಿ ಗಿಲಾವು ಮಾಡುವ ಮೊದಲು ಗಾರೆ ಕೆಲಸದವರು ಇಟ್ಟಿಗೆ ಗೋಡೆಗೆ ನೀರು ಎರಚುವುದೂ ಇದೇ ಕಾರಣಕ್ಕೆ.

ಬೆಳಗ್ಗೆ ಕರಣೆ ಹಿಡಿದ ಕೆಲಸಗಾರ ಸಾರುವೆ ಹತ್ತಿ ಅವತ್ತು ಬರೆಯುವಷ್ಟು ಜಾಗಕ್ಕೆ ಮಾತ್ರ ನಯ ಗಾರೆ ಹಚ್ಚುತ್ತಾನೆ. ಎಷ್ಟು ಜಾಗ ಅನ್ನುವುದೇ ದಿನದ ದೊಡ್ಡ ನಿರ್ಧಾರ. ಆಕಾಶ, ಬಂಡೆ, ಬಟ್ಟೆಯ ದೊಡ್ಡ ಮಡಿಕೆ ಆದರೆ ಹೆಚ್ಚು ಹಚ್ಚಬಹುದು. ಮುಖ ಆದರೆ ಕಡಿಮೆ. ಆಸೆಪಟ್ಟು ಜಾಸ್ತಿ ಹಚ್ಚಿದರೆ ಸಂಜೆ ಮಿಕ್ಕದ್ದನ್ನು ಕೆರೆದು ಬಿಸಾಕಬೇಕು.

ಹಚ್ಚಿದ ಕೂಡಲೇ ಬರೆಯುವಂತಿಲ್ಲ. ಒಂದೆರಡು ಗಂಟೆ ಕಾಯಬೇಕು. ತೀರಾ ಹಸಿ ಇದ್ದಾಗ ಕುಂಚ ತಾಗಿಸಿದರೆ ಅದು ಸುಣ್ಣವನ್ನೇ ಎಬ್ಬಿಸಿ ಬಣ್ಣದ ಜೊತೆ ಕಲಸಿ ಎಲ್ಲವನ್ನೂ ಹಾಲಿನ ಬಣ್ಣಕ್ಕೆ ತಿರುಗಿಸುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಾರೆ ತಗ್ಗಬಾರದು, ಆದರೆ ತಂಪಾಗಿ ತೇವ ತಾಗಬೇಕು. ಆಗ ಶುರು.

ಮೊದಲು ಗೆರೆ ಇಳಿಸುವುದು. ಚಿತ್ರದ ಅಷ್ಟೇ ದೊಡ್ಡ ಕಾಗದದ ನಕ್ಷೆಯ ಗೆರೆಗಳ ಮೇಲೆ ಸೂಜಿಯಿಂದ ಸಾಲಾಗಿ ತೂತು ಹೊಡೆದು, ಗೋಡೆಗೆ ಹಿಡಿದು, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟುತ್ತಾರೆ. ರಂಗೋಲಿ ಅಚ್ಚಿನ ಹಾಗೆ ಚುಕ್ಕಿ ಬೀಳುತ್ತದೆ. ಇನ್ನೊಂದು ದಾರಿ ಅಂದರೆ ಕಾಗದದ ಮೇಲಿನಿಂದಲೇ ಮೊಂಡು ಮೊನೆಯಲ್ಲಿ ಒತ್ತಿ ಗೀರುವುದು, ಮೆತ್ತನೆಯ ಗಾರೆಯಲ್ಲಿ ಗೆರೆ ಮೂಡುತ್ತದೆ. ಮೊದಲನೆಯದು ನಿಖರ, ಎರಡನೆಯದು ವೇಗ. ಸಿಸ್ಟೀನ್ ಚಾವಣಿಯಲ್ಲಿ ಮುಂದೆ ಮುಂದೆ ಹೋದ ಹಾಗೆ ಮೈಕೆಲ್ಯಾಂಜೆಲೊ ಗೀರುವುದನ್ನೇ ಹೆಚ್ಚು ಮಾಡಿದ.

ಆಮೇಲೆ ಬಣ್ಣ. ಮೊದಲ ಗಂಟೆಗಳಲ್ಲಿ ಗಾರೆ ಬಣ್ಣವನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ. ನಡುಹಗಲಿನ ಹೊತ್ತಿಗೆ ಕುಂಚ ಇಟ್ಟಲ್ಲಿ ಬಣ್ಣ ಸಲೀಸಾಗಿ ಕೂರುತ್ತದೆ. ಮುಖ, ಕೈಬೆರಳು, ಸೂಕ್ಷ್ಮ ಕೆಲಸವೆಲ್ಲ ಆ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ. ಇದರಲ್ಲಿ ಒಂದು ಕಷ್ಟ ಇದೆ. ಒದ್ದೆ ಇರುವಾಗ ಕಾಣುವ ಬಣ್ಣ ನಿಜವಾದ ಬಣ್ಣ ಅಲ್ಲ, ಒಣಗಿದ ಮೇಲೆ ತುಂಬಾ ತಿಳಿಯಾಗುತ್ತದೆ. ಚಿತ್ರಕಾರ ಕಣ್ಣೆದುರಿಗೆ ಕಾಣುವುದನ್ನು ನಂಬದೆ, ವಾರಗಳ ನಂತರ ಕಾಣುವುದನ್ನು ಊಹಿಸಿ ಬರೆಯಬೇಕು. ಕಲಸಿದ ಬಣ್ಣವನ್ನು ನೀರು ತಟ್ಟನೆ ಹೀರುವ ಒಣ ತುಂಡಿನ ಮೇಲೆ ಹಚ್ಚಿ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದೆ.

ಸಂಜೆಯಾಗುತ್ತಿದ್ದ ಹಾಗೆ ಗಾರೆಯ ಗುಣ ಬದಲಾಗುತ್ತದೆ. ಕುಂಚ ಜಾರುವುದಿಲ್ಲ, ಎಳೆದಂತೆ ಆಗುತ್ತದೆ. ಇಟ್ಟ ಬಣ್ಣದ ನೀರನ್ನು ಗೋಡೆ ಒಂದೇ ಗುಟುಕಿಗೆ ಕುಡಿಯುತ್ತದೆ. ಮುಗಿಯಿತು ಅಂತ ಅರ್ಥ. ಮೇಲೆ ಕೆನೆ ಕಟ್ಟಿಯಾಗಿದೆ. ಇನ್ನು ಬಳಿದದ್ದು ಕೆನೆಯ ಮೇಲೆ ಕೂರುತ್ತದೆಯೇ ಹೊರತು ಕೆನೆಯೊಳಗಲ್ಲ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯಂತೆ ಬೆಳ್ಳಗಾಗಿ ಕೈಗೆ ಅಂಟುತ್ತದೆ. ಹವೆ ನೋಡಿಕೊಂಡು ಒಟ್ಟು ಎಂಟು ಗಂಟೆ ಸಿಗಬಹುದು, ಬೇಸಿಗೆಯ ಒಣ ಗಾಳಿಯಲ್ಲಿ ಇನ್ನೂ ಕಡಿಮೆ. ಹಿಮ ಬೀಳುವಷ್ಟು ಚಳಿ ಇದ್ದರೆ ಕೆಲಸವೇ ಇಲ್ಲ, ಗಾರೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಲ್ಲ ಉದುರುತ್ತದೆ.

ಕೊನೆಯ ಕೆಲಸ ಚಾಕುವಿನದು. ಬಣ್ಣ ಬೀಳದೆ ಉಳಿದ ಗಾರೆಯನ್ನು ಅಂಚಿಗೆ ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ, ನಾಳೆಯ ಗಾರೆ ಆ ಓರೆ ಅಂಚಿನ ಮೇಲೆ ಸ್ವಲ್ಪ ಹತ್ತಿ ಕೂರುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲೂ ಲೆಕ್ಕ ಇದೆ. ಆಕಾಶದ ಮಧ್ಯೆ ಕತ್ತರಿಸಿದರೆ ನಾಳೆ ಅದೇ ನೀಲಿ ಮತ್ತೆ ಕೂಡಿಬರುವುದಿಲ್ಲ, ಗಾರೆ ಬೇರೆ, ಹವೆ ಬೇರೆ, ಒಣಗುವ ರೀತಿ ಬೇರೆ. ಆದ್ದರಿಂದ ಬಣ್ಣವೇ ಬದಲಾಗುವ ಕಡೆ ಕತ್ತರಿಸುತ್ತಾರೆ, ತೋಳಿನ ಅಂಚು, ಬಟ್ಟೆಯ ಅಂಚು, ಕಂಬದ ಅಂಚು. ಆಡಂನ ಮೈಯ ಸುತ್ತ ಏಣು ಕಾಣುವುದು ಈ ಕಾರಣಕ್ಕೆ. ಕೆಲಸ ಮೇಲಿನಿಂದ ಕೆಳಕ್ಕೆ ಬರುತ್ತದೆ, ಇಲ್ಲದಿದ್ದರೆ ಇವತ್ತಿನ ಸುಣ್ಣದ ನೀರು ನಿನ್ನೆಯ ಮುಖದ ಮೇಲೆ ಸೋರುತ್ತದೆ. ಯಾವ ಗಾರೆ ಯಾವುದರ ಮೇಲೆ ಹತ್ತಿದೆ ಅಂತ ನೋಡಿದರೆ ಯಾವ ದಿನ ಮೊದಲು, ಯಾವ ದಿನ ಆಮೇಲೆ ಅಂತ ಇವತ್ತಿಗೂ ಓದಬಹುದು. ಫ್ಲಾರೆನ್ಸಿನ ಬ್ರಾಂಕಾಚಿ ಚಾಪೆಲ್‌ನಲ್ಲಿ ಮಸಾಚೊ ಬರೆದ ಆಡಂ ಮತ್ತು ಈವ್ ತೋಟದಿಂದ ಹೊರಬೀಳುವ ಚಿತ್ರ ನಾಲ್ಕೇ ದಿನದ್ದು ಅಂತ ಗೊತ್ತಾಗಿರುವುದು ಹೀಗೆ.

ತಪ್ಪಾದರೆ? ಅಳಿಸುವ ಮಾತಿಲ್ಲ. ಆ ತುಂಡಿನ ಗಾರೆಯನ್ನೇ ಕೆತ್ತಿ ಕಿತ್ತು, ಮರುದಿನ ಹೊಸದಾಗಿ ಹಚ್ಚಿ, ಮತ್ತೆ ಬರೆಯಬೇಕು. ನಮ್ಮ ಡ್ರಾಯಿಂಗ್ ಶೀಟ್ ವಾಪಸ್ ಕೊಟ್ಟು ‘ರೀಡೂ’ ಅನ್ನುವುದಕ್ಕಿಂತ ಇದು ಕಠಿಣ.

ಗಾರೆಯೇ ಕೈಕೊಟ್ಟ ಪ್ರಸಂಗವೂ ಇದೆ. ಮೈಕೆಲ್ಯಾಂಜೆಲೊ 1508ರಲ್ಲಿ ಚಾವಣಿಯ ಕೆಲಸ ಹಿಡಿದಾಗ ಅವನು ಹೆಸರು ಮಾಡಿದ್ದು ಶಿಲ್ಪಿಯಾಗಿ. ರೋಮಿನ ಗಾರೆ ಅವನ ಊರು ಫ್ಲಾರೆನ್ಸಿನ ಗಾರೆಯಂತಲ್ಲ. ಅಲ್ಲಿ ಸುಣ್ಣಕ್ಕೆ ಮರಳು, ಇಲ್ಲಿ ಸುಣ್ಣಕ್ಕೆ ಪೊಜ್ಜೊಲಾನಾ ಎಂಬ ಜ್ವಾಲಾಮುಖಿಯ ಬೂದಿಮಣ್ಣು. ಅದು ಗಾಳಿಯ ಹಂಗಿಲ್ಲದೆ ಸುಣ್ಣದ ಜೊತೆ ತಾನೇ ಸೇರಿ ಗಟ್ಟಿಯಾಗುತ್ತದೆ, ಸಿಮೆಂಟಿಗೆ ಹಾರುಬೂದಿ ಸೇರಿಸಿದಾಗ ಆಗುವ ಹಾಗೆಯೇ. ಮೊದಲು ಬರೆದ ಚಿತ್ರಗಳಲ್ಲಿ ಒಂದಾದ ‘ಮಹಾಪ್ರಳಯ’ದ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪದರ ಎದ್ದು ಆಕೃತಿಗಳೇ ಮಸುಕಾದವು. ಅವನ ಜೀವನ ಬರೆದ ಕೊಂಡಿವಿ ಹೇಳುವ ಪ್ರಕಾರ, ಇದು ನನ್ನ ವಿದ್ಯೆ ಅಲ್ಲ ಅಂತ ಅವನು ಪೋಪ್ ಎದುರು ಕೈಚೆಲ್ಲಿದ. ಪೋಪ್ ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲ್ಲೊನನ್ನು ಕಳಿಸಿದರು. ಅವನು ನೋಡಿ ಹೇಳಿದ್ದು ಒಂದೇ, ಗಾರೆಗೆ ನೀರು ಜಾಸ್ತಿಯಾಗಿದೆ. ನಮ್ಮ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಬಣ್ಣ ಹಿಡಿಯಲು ಸುಣ್ಣ ತರುವ ನೀರೇ ಮಿತಿಮೀರಿದರೆ, ಸುಣ್ಣ ಮತ್ತು ಉಪ್ಪನ್ನು ಬಣ್ಣದ ಮೇಲಕ್ಕೂ ತಂದು ಬಿಳಿಯಾಗಿ ಬಿಟ್ಟುಹೋಗುತ್ತದೆ. ನೀರಿನ ಪ್ರಮಾಣ ಸರಿ ಮಾಡಿಕೊಂಡ ಮೇಲೆ ಕೆಲಸ ಮುಂದೆ ಸಾಗಿತು.

ಎಷ್ಟು ಸಾಗಿತು ಅನ್ನುವುದಕ್ಕೂ ಜೋರ್ನಾತಾಗಳೇ ಸಾಕ್ಷಿ. ‘ಆಡಂನ ಸೃಷ್ಟಿ’ ಸುಮಾರು 16 ಚದರ ಮೀಟರ್, 16 ದಿನ, ಅಂದರೆ ದಿನಕ್ಕೆ ಒಂದು ಚದರ ಮೀಟರ್. ಕೊನೆಕೊನೆಗೆ ಬರೆದ ‘ಬೆಳಕು ಕತ್ತಲೆಗಳನ್ನು ಬೇರ್ಪಡಿಸುವ ದೇವರು’ ಸುಮಾರು 1.8 ಮೀಟರ್‌ಗೆ 2.6 ಮೀಟರ್, ಅಂದರೆ 4.7 ಚದರ ಮೀಟರ್. ಅದು ಒಂದೇ ಜೋರ್ನಾತಾ. ಗಾರೆ ಬೆಳಗ್ಗೆ ಹಚ್ಚಿ ಸಂಜೆಗೆ ಮುಗಿಸಿದ್ದು! ಅದರಲ್ಲಿ ಮುಖದ ಸೂಕ್ಷ್ಮ ಕೆಲಸ ಕಡಿಮೆ, ಬೀಸು ಹೆಚ್ಚು ಅನ್ನುವುದು ನಿಜ. ಆದರೂ ತಲೆ ಎತ್ತಿ ನಿಂತು, ಸುಣ್ಣದ ನೀರು ಮುಖಕ್ಕೆ ಬೀಳುತ್ತಿರುವಾಗ ಒಂದು ದಿನದಲ್ಲಿ ಅಷ್ಟು ಜಾಗ ಅನ್ನುವುದು ನಮಗಂತೂ ನಂಬಲು ಕಷ್ಟವೆನಿಸುವ ವೇಗ.

ಒಣ ಗೋಡೆಯ ಬಿಡುವು

ಗೋಡೆ ಪೂರ್ತಿ ಒಣಗಿದ ಮೇಲೆ ಬರೆಯುವುದು ಸೆಕ್ಕೊ. ಸೆಕ್ಕೊ ಅಂದರೆ ಒಣ ಅಂತಲೇ. ಇಲ್ಲಿ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ, ಬಣ್ಣ ಹಿಡಿಯಲು ಅದರಿಂದ ಏನೂ ಸಿಗದು. ಹಾಗಾಗಿ ಬಣ್ಣಕ್ಕೆ ಮೊಟ್ಟೆ, ಪ್ರಾಣಿಗಳ ಅಂಟು, ಹಾಲಿನ ಕೇಸಿನ್ ಅಥವಾ ಎಣ್ಣೆ ಸೇರಿಸಬೇಕು. ಲಾಭ ಏನು ಅಂದರೆ ಗಡಿಯಾರವೇ ಇಲ್ಲ. ಇವತ್ತು ಅರ್ಧ ಮುಖ, ಮುಂದಿನ ವಾರ ಇನ್ನರ್ಧ. ಇಷ್ಟವಾಗದಿದ್ದರೆ ಮೇಲೆ ಇನ್ನೊಂದು ಪದರ.

ಅಜಂತಾದ ಚಿತ್ರಗಳನ್ನು ನಮ್ಮ ಪುಸ್ತಕಗಳಲ್ಲಿ ‘ಫ್ರೆಸ್ಕೊ’ ಅಂತ ಬರೆಯುವುದುಂಟು. ಅವು ಮಣ್ಣಿನ ಗಿಲಾವಿನ ಮೇಲೆ ತೆಳ್ಳಗೆ ಸುಣ್ಣ ಬಳಿದು, ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದವು. ಈ ಲೇಖನದ ಅರ್ಥದಲ್ಲಿ ಸೆಕ್ಕೊ. ಅಲ್ಲಿ ಜೋರ್ನಾತಾ ಹುಡುಕಿದರೆ ಸಿಗುವುದಿಲ್ಲ.

ಇಟಲಿಯ ಫ್ರೆಸ್ಕೊ ಚಿತ್ರಕಾರರೂ ಪೂರ್ತಿ ಹಸಿಯಲ್ಲೇ ಮುಗಿಸುತ್ತಿದ್ದರು ಅಂದುಕೊಳ್ಳಬಾರದು. ಎಲ್ಲ ಬಣ್ಣವೂ ಸುಣ್ಣಕ್ಕೆ ಆಗಿಬರುವುದಿಲ್ಲ. ಹಸಿ ಸುಣ್ಣದ ಪಿಎಚ್ 12ಕ್ಕೂ ಮೇಲೆ, ಅದು ಅನೇಕ ಬಣ್ಣಗಳನ್ನು ಕೆಡಿಸುತ್ತದೆ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ಇದ್ದಿಲ ಕಪ್ಪು ಇವೆಲ್ಲ ಗಟ್ಟಿ. ತಕರಾರು ಬರುವುದು ನೀಲಿಯಲ್ಲಿ. ಆ ಕಾಲದ ಸಾಮಾನ್ಯ ನೀಲಿ ಅಜುರೈಟ್, ಅದು ತಾಮ್ರದ ಖನಿಜ. ಅದನ್ನು ನುಣ್ಣಗೆ ಅರೆದರೆ ನೀಲಿಯೇ ಹೋಗಿ ಬೂದು ಬೂದಾಗುತ್ತದೆ, ಹಾಗಾಗಿ ತರಿತರಿಯಾಗಿಯೇ ಬಳಸಬೇಕು. ನಮ್ಮ ಒಂದು ಮೈಕ್ರಾನ್ ಲೆಕ್ಕ ನೆನಪಿಸಿಕೊಳ್ಳಿ. ಅಷ್ಟು ತೆಳು ಕೆನೆ ಅಷ್ಟು ದಪ್ಪ ಕಣಗಳನ್ನು ಹಿಡಿಯುವುದು ಹೇಗೆ? ಆದ್ದರಿಂದ ನೀಲಿಯನ್ನು ಕಡೆಗೆ, ಗೋಡೆ ಒಣಗಿದ ಮೇಲೆ, ಅಂಟು ಅಥವಾ ಮೊಟ್ಟೆಯಲ್ಲಿ ಕಲಸಿ ಬಳಿಯುತ್ತಿದ್ದರು. ಹೀಗೆ ಮಾಡಿ ಅಂತ 1400ರ ಆಸುಪಾಸಿನ ಚೆನ್ನಿನೊ ಚೆನ್ನಿನಿಯ ಕೈಪಿಡಿಯಲ್ಲೂ ಇದೆ.

ಅದರ ಪರಿಣಾಮ ಪಡುವಾ ಊರಿನ ಅರೆನಾ ಚಾಪೆಲ್‌ನಲ್ಲಿ ಕಾಣುತ್ತದೆ. ಜೊತ್ತೊ ಅಲ್ಲಿ 1305ರ ಹೊತ್ತಿಗೆ ಬರೆದ ಮುಖಗಳು, ಕೈಗಳು, ಕೆಂಪು ಹಳದಿ ಬಟ್ಟೆಗಳು ಇವತ್ತಿಗೂ ಗಟ್ಟಿಯಾಗಿವೆ. ಮೇರಿಯ ನೀಲಿ ಮೇಲುವಸ್ತ್ರ ಮಾತ್ರ ಹಲವು ಚಿತ್ರಗಳಲ್ಲಿ ಉದುರಿಹೋಗಿ ಅಡಿಪದರ ಕಾಣುತ್ತದೆ. ಒಂದೇ ಗೋಡೆ, ಒಂದೇ ಕೈ, ಒಂದೇ ಹವೆ. ಬದಲಾದದ್ದು ಬಣ್ಣ ಹಿಡಿದ ರೀತಿ ಮಾತ್ರ. ಹೋಲಿಕೆಯ ಪ್ರಯೋಗ ಅಂದರೆ ಇದಕ್ಕಿಂತ ಚೆನ್ನಾಗಿ ಮಾಡಲಾಗದು.

ಸೆಕ್ಕೊ ಯಾಕೆ ಉದುರುತ್ತದೆ? ಅಂಟಿನ ಬಣ್ಣ ಗೋಡೆಯ ಮೇಲೆ ಒಂದು ಪೊರೆ. ಗೋಡೆ ಉಸಿರಾಡುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಆ ತೇವದ ಜೊತೆ ಬಂದ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಫ್ರೆಸ್ಕೊದಲ್ಲಿ ಪೊರೆ ಅನ್ನುವುದೇ ಇಲ್ಲ, ಬಣ್ಣ ಗೋಡೆಯ ಮೇಲ್ಮೈಯ ಭಾಗವೇ ಆಗಿರುವುದರಿಂದ ತೇವ ಅದರ ಮೂಲಕ ಹಾದುಹೋಗುತ್ತದೆ. ಹಾಗಂತ ಫ್ರೆಸ್ಕೊ ಅಮರ ಅಲ್ಲ, ಉಪ್ಪು ಅದನ್ನೂ ತಿನ್ನುತ್ತದೆ. ನಿಧಾನವಾಗಿ ಅಷ್ಟೇ.

ಈಗ ಗಡಿಯಾರವನ್ನು ಪೂರ್ತಿ ತಿರಸ್ಕರಿಸಿದವನ ಕಥೆ. ಮಿಲಾನ್‌ನ ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಮಠದ ಊಟದ ಮನೆಯಲ್ಲಿ ಲಿಯೊನಾರ್ಡೊ ಡ ವಿಂಚಿ ‘ಕೊನೆಯ ಭೋಜನ’ ಬರೆದದ್ದು ಸುಮಾರು 1495ರಿಂದ 1498ರ ನಡುವೆ. ಅವನ ಕೆಲಸವನ್ನು ಚಿಕ್ಕ ವಯಸ್ಸಿನಲ್ಲಿ ಕಣ್ಣಾರೆ ನೋಡಿದ ಕಥೆಗಾರ ಮತ್ತೆಯೊ ಬಂದೆಲ್ಲೊ ಮುಂದೆ ಅದನ್ನು ಬರೆದಿದ್ದಾನೆ. ಕೆಲವು ದಿನ ಲಿಯೊನಾರ್ಡೊ ಸೂರ್ಯ ಹುಟ್ಟುವಾಗ ಸಾರುವೆ ಹತ್ತಿದರೆ ಊಟ ನೀರು ಮರೆತು ಕತ್ತಲಾಗುವವರೆಗೆ ಬರೆಯುತ್ತಿದ್ದ. ಆಮೇಲೆ ಮೂರು ನಾಲ್ಕು ದಿನ ಕುಂಚ ಮುಟ್ಟದೆ, ಬಂದು ಒಂದೆರಡು ಗಂಟೆ ಸುಮ್ಮನೆ ಚಿತ್ರ ನೋಡಿ ಹೋಗುತ್ತಿದ್ದ. ಇನ್ನು ಕೆಲವು ಸಲ ಸುಡುವ ಮಧ್ಯಾಹ್ನ, ತಾನು ಮಣ್ಣಿನ ಕುದುರೆ ಮಾಡುತ್ತಿದ್ದ ಕಡೆಯಿಂದ ನೇರ ಬಂದು, ಒಂದೆರಡು ಗೆರೆ ಎಳೆದು ಹೊರಟುಹೋಗುತ್ತಿದ್ದ.

ಈ ವೇಳಾಪಟ್ಟಿಯನ್ನು ಒದ್ದೆ ಗಾರೆಯ ಮುಂದಿಟ್ಟು ನೋಡಿ. ಒಂದೂ ಸಾಧ್ಯವಿಲ್ಲ. ಮೂರು ದಿನ ನೋಡುತ್ತಾ ನಿಂತರೆ ಎದುರಿಗೆ ಇರುವುದು ಕಲ್ಲಾದ ಗೋಡೆ. ಎರಡು ಗೆರೆಗೋಸ್ಕರ ಯಾರೂ ಗಾರೆ ಕಲಸುವುದಿಲ್ಲ. ಲಿಯೊನಾರ್ಡೊಗೆ ನೆರಳು ಬೆಳಕನ್ನು ಪದರದ ಮೇಲೆ ಪದರ ಇಟ್ಟು ಕರಗಿಸುವ ಅಭ್ಯಾಸ, ಯೋಚನೆ ಬದಲಾದಾಗ ತಿದ್ದುವ ಅಭ್ಯಾಸ. ಅದಕ್ಕೆ ಅವನು ಗೋಡೆಯನ್ನು ಮರದ ಹಲಗೆಯ ಹಾಗೆ ಸಿದ್ಧಮಾಡಿಕೊಂಡ. ಒಣ ಗಾರೆಯ ಮೇಲೆ ಅಂಟು ಬೆರೆಸಿದ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ, ಅದರ ಮೇಲೆ ತೆಳ್ಳಗೆ ಸೀಸದ ಬಿಳಿ, ಅದರ ಮೇಲೆ ಚಿತ್ರ. ಪೊರೆಯ ಮೇಲೆ ಪೊರೆ. 4.6 ಮೀಟರ್ ಎತ್ತರ, 8.8 ಮೀಟರ್ ಅಗಲದ ಆ ಗೋಡೆಯಲ್ಲಿ ದಿನದ ಏಣು ಒಂದೂ ಇಲ್ಲ.

1517ರಲ್ಲಿ, ಅಂದರೆ ಲಿಯೊನಾರ್ಡೊ ಇನ್ನೂ ಬದುಕಿರುವಾಗಲೇ, ಅದನ್ನು ನೋಡಿದ ಪ್ರವಾಸಿಯೊಬ್ಬ ಚಿತ್ರ ಹಾಳಾಗುತ್ತಿದೆ ಅಂತ ಬರೆದಿಟ್ಟ. ಆ ಶತಮಾನದ ಮಧ್ಯದಲ್ಲಿ ನೋಡಿದ ವಸಾರಿಗೆ ಅದು ಕಲೆಗಳ ಮುದ್ದೆಯಂತೆ ಕಂಡಿತು. ಉದುರಿದಲ್ಲೆಲ್ಲ ಮುಂದಿನವರು ತಮ್ಮ ಬಣ್ಣ ಬಳಿದರು. 1978ರಲ್ಲಿ ಶುರುವಾದ ಕೊನೆಯ ದುರಸ್ತಿ 1999ರಲ್ಲಿ ಮುಗಿಯಿತು. ಬರೆಯಲು ಹಿಡಿದದ್ದು ಮೂರು ನಾಲ್ಕು ವರ್ಷ, ಉಳಿದದ್ದನ್ನು ಹುಡುಕಿ ನಿಲ್ಲಿಸಲು ಇಪ್ಪತ್ತೊಂದು ವರ್ಷ.

ಅವನು ತಪ್ಪು ಮಾಡಿದ ಅಂತ ಹೇಳಿ ಮುಗಿಸುವುದು ಸುಲಭ, ಆದರೆ ನಾವು ಹಾಗೆ ಹೇಳಲು ಸಿದ್ಧರಿಲ್ಲ. ಆ ಹನ್ನೆರಡು ಶಿಷ್ಯರ ಮುಖಗಳು ಮೂರು ದಿನ ನೋಡಿ ಎರಡು ಗೆರೆ ಎಳೆದದ್ದರಿಂದಲೇ ಹಾಗೆ ಬಂದಿರಬಹುದು. ದಿನಕ್ಕೊಂದು ಚದರ ಮೀಟರ್ ಅನ್ನುವ ಲೆಕ್ಕದಲ್ಲಿ ಅವನು ಬರೆದಿದ್ದರೆ ಗಟ್ಟಿಯಾದ ಬೇರೆ ಯಾವುದೋ ಚಿತ್ರ ಸಿಗುತ್ತಿತ್ತು.

ಹಸಿ ಯಾವುದು, ಒಣ ಯಾವುದು ಅನ್ನುವುದು ಬರೀ ಪಂಡಿತರ ಚರ್ಚೆಯಲ್ಲ. 1980ರ ದಶಕದಲ್ಲಿ ಸಿಸ್ಟೀನ್ ಚಾವಣಿಯ ಮಸಿ ತೊಳೆದಾಗ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ತೊಳೆದವರ ನಿಲುವು, ಮೈಕೆಲ್ಯಾಂಜೆಲೊ ಬಹುಪಾಲು ಹಸಿಯಲ್ಲೇ ಮುಗಿಸಿದ್ದಾನೆ, ಮೇಲಿನ ಕಪ್ಪು ಅಂಟು ಶತಮಾನಗಳ ಮೇಣದಬತ್ತಿಯ ಹೊಗೆ ಮತ್ತು ಹಳೆಯ ದುರಸ್ತಿಗಾರರ ಕೆಲಸ ಅಂತ. ವಿರೋಧಿಸಿದವರ ನಿಲುವು, ಆ ಕಪ್ಪಿನಲ್ಲಿ ಅವನೇ ಒಣಗಿದ ಮೇಲೆ ಅಂಟಿನಲ್ಲಿ ಹಾಕಿದ ನೆರಳುಗಳೂ ಇದ್ದವು ಅಂತ. ಕೆನೆಯೊಳಗೆ ಸೇರಿದ ಬಣ್ಣ ತೊಳೆದರೂ ಹೋಗುವುದಿಲ್ಲ, ಅಂಟಿನ ಬಣ್ಣ ಕರಗುತ್ತದೆ. ಸ್ಪಂಜು ಒಮ್ಮೆ ಆಡಿದ ಮೇಲೆ ಅಲ್ಲಿ ಸೆಕ್ಕೊ ಇತ್ತೋ ಇಲ್ಲವೋ ಅಂತ ನೋಡಲು ಸೆಕ್ಕೊ ಉಳಿದಿರುವುದಿಲ್ಲ. ಚಾವಣಿಯ ಬಣ್ಣಗಳು ಈಗ ಕಣ್ಣು ಕೋರೈಸುವಷ್ಟು ಬೆಳಗುತ್ತಿವೆ, ಆ ಜಗಳ ಮಾತ್ರ ಪೂರ್ತಿ ಆರಿಲ್ಲ.